ಹಸಿ ಕುದುರೆ ಮಸಾಲೆ ಮೇದು ಹೊಟ್ಟೆಯುಬ್ಬರಿಸಿದ ಹಸು: ಏಕೆ ಹೀಗಾಗುತ್ತದೆ, ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು

ರಾತ್ರಿ ಸಣ್ಣ ಮಳೆ ಬಿದ್ದಿದೆ. ಬೆಳಿಗ್ಗೆ ಏಳೂವರೆಗೆ ಹಗ್ಗ ಬಿಚ್ಚಿಕೊಂಡ ಹಸು ಬದುವಿನಾಚೆಯ ಕುದುರೆ ಮಸಾಲೆ ಪಾತಿಗೆ ನುಗ್ಗಿದೆ. ಎಂಟೂಕಾಲಿಗೆ ಹುಡುಕಿಕೊಂಡು ಹೋದಾಗ ಅದು ಮೇಯುವುದನ್ನು ಬಿಟ್ಟು ಸುಮ್ಮನೆ ನಿಂತಿದೆ, ಎಡಪಕ್ಕೆ ಬಿಗಿದ ತಮಟೆಯಂತೆ ಉಬ್ಬಿದೆ. ಇಲ್ಲಿಂದ ಲೆಕ್ಕ ನಿಮಿಷಗಳಲ್ಲಿ. ಉಬ್ಬರ ಕಣ್ಣಿಗೆ ಬಿದ್ದ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಸಮಯವಿರುತ್ತದೆ. ಆದರೆ ಹೊಲಕ್ಕೆ ನುಗ್ಗಿ ಒಂದೇ ಗಂಟೆಯಲ್ಲಿ ಪ್ರಾಣ ಹೋಗುವುದೂ ಉಂಟು. ಹಾಗಾಗಿ ವೈದ್ಯರು ಬರುವವರೆಗೆ ಕಾಯುತ್ತ ಕೂರುವ ಕಾಯಿಲೆ ಇದಲ್ಲ. ಅವರಿಗೆ ಫೋನ್ ಮಾಡಿ, ಅವರು ಬರುವಷ್ಟರಲ್ಲಿ ನಮ್ಮ ಕೈಯಲ್ಲಿ ಆಗುವುದನ್ನು ಮಾಡುವ ಕಾಯಿಲೆ.

ಗಾಳಿಯಲ್ಲ, ನೊರೆ

ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ, ವೈದ್ಯರು ರೂಮೆನ್ ಎನ್ನುವ ಚೀಲದಲ್ಲಿ, ದಿನವಿಡೀ ಮೇವು ಹುಳಿಯುತ್ತಿರುತ್ತದೆ. ದೊಡ್ಡ ಹಸುವಿನಲ್ಲಿ ಆ ಚೀಲ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಳಿಯುವಾಗ ಹುಟ್ಟುವ ಗಾಳಿಯೂ ಕಡಿಮೆಯಲ್ಲ, ಗಂಟೆಗೆ ಮೂವತ್ತು ಲೀಟರಿಗೂ ಮೇಲೆ. ಅದನ್ನೆಲ್ಲ ಹಸು ತೇಗಿ ಹೊರಹಾಕುತ್ತದೆ. ಅದು ತೇಗುವುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆದರೆ ತೇಗು ಕಾಲು ಗಂಟೆ ನಿಂತರೂ ಹೊಟ್ಟೆ ಅದನ್ನು ಹೇಳುತ್ತದೆ.

ಕುದುರೆ ಮಸಾಲೆ, ಬರ್ಸೀಮ್, ಎಳೆಯ ಅಲಸಂದೆಯಂಥ ದ್ವಿದಳ ಮೇವಿನ ಎಲೆಯಲ್ಲಿ ನೀರಿನಲ್ಲಿ ಕರಗುವ ಪ್ರೋಟೀನ್ ಬಹಳ. ಎಳೆ ಎಲೆ ಹೊಟ್ಟೆಗೆ ಬಿದ್ದ ಕೂಡಲೇ ಒಡೆದು ಆ ಪ್ರೋಟೀನ್ ಹೊರಬರುತ್ತದೆ. ಜೊತೆಗೆ ಎಲೆಯ ಹಸಿರಿನ ಅತಿಸಣ್ಣ ತುಣುಕುಗಳು ಸೇರುತ್ತವೆ, ಸೂಕ್ಷ್ಮಜೀವಿಗಳು ಲೋಳೆ ಬಿಡುತ್ತವೆ. ಮೊಟ್ಟೆಯ ಬಿಳಿಯನ್ನು ಕಡೆದಾಗ ಏಳುವ ನೊರೆ ನೆನಪಿಸಿಕೊಳ್ಳಿ: ಬಟ್ಟಲು ಬೋರಲು ಹಾಕಿದರೂ ಬೀಳುವುದಿಲ್ಲ. ಹಸುವಿನ ಹೊಟ್ಟೆಯಲ್ಲೂ ಅಂಥದೇ ಗಟ್ಟಿ ನೊರೆ ಏಳುತ್ತದೆ. ಗಾಳಿ ಮೇಲೆ ಬಂದು ಒಟ್ಟುಗೂಡದೆ ಲಕ್ಷಾಂತರ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅನ್ನನಾಳ ಹೊಟ್ಟೆಗೆ ಕೂಡುವ ಬಾಯಿಗೆ ನೊರೆ ಬಂದು ತಾಗಿದರೆ ಆ ಬಾಯಿ ತೆರೆಯುವುದೇ ಇಲ್ಲ. ಅಲ್ಲಿರುವುದು ದ್ರವ ಎಂದು ದೇಹ ತಿಳಿಯುತ್ತದೆ, ತೇಗು ತಡೆಯುತ್ತದೆ. ಗಾಳಿ ಮಾತ್ರ ಹುಟ್ಟುತ್ತಲೇ ಇರುತ್ತದೆ. ಹಿಗ್ಗಿದ ಹೊಟ್ಟೆ ಮುಂದೆ ಶ್ವಾಸಕೋಶವನ್ನು ಅಮುಕುತ್ತದೆ, ಹೃದಯಕ್ಕೆ ಮರಳುವ ರಕ್ತವನ್ನೂ ತಡೆಯುತ್ತದೆ. ಹಸು ಸಾಯುವುದು ಹೊಟ್ಟೆ ಒಡೆದಲ್ಲ, ಉಸಿರುಕಟ್ಟಿ.

ಒದ್ದೆಗೂ ಇದಕ್ಕೂ ಏನು ಸಂಬಂಧ? ‘ಇಬ್ಬನಿ ಮೇದರೆ ಹೊಟ್ಟೆ ಉಬ್ಬುತ್ತದೆ’ ಎಂದು ಹಿರಿಯರು ಹೇಳುವುದು ಸರಿಯೇ, ಆದರೆ ತಪ್ಪು ನೀರಿನದಲ್ಲ. ಒದ್ದೆಯಾದ ಎಳೆ ಸೊಪ್ಪನ್ನು ಹಸು ಗಬಗಬನೆ ನುಂಗುತ್ತದೆ, ಅಗಿಯುವುದು ಕಡಿಮೆ. ಅಗಿತ ಕಡಿಮೆಯಾದರೆ ಜೊಲ್ಲೂ ಕಡಿಮೆ. ನೊರೆಯನ್ನು ಒಡೆಯುವ ಗುಣ ಇರುವುದು ಜೊಲ್ಲಿನಲ್ಲಿ. ಅದು ಬೇಕಾದ ಹೊತ್ತಿಗೇ ಬರದೆ ಹೋಗುತ್ತದೆ. ನೀರು ತುಂಬಿದ ಎಲೆ ಹೊಟ್ಟೆಯಲ್ಲಿ ಒಡೆಯುವುದೂ ಬೇಗ. ಇದಕ್ಕೆ ಖಾಲಿ ಹೊಟ್ಟೆ ಸೇರಿದರೆ ಕೇಳುವುದೇ ಬೇಡ. ರಾತ್ರಿ ಹುಲ್ಲು ಸಿಗದ ಹಸು ಬೆಳಿಗ್ಗೆ ಪಾತಿಗೆ ನುಗ್ಗಿದರೆ, ಅರ್ಧ ಗಂಟೆಯಲ್ಲಿ ಇಡೀ ದಿನದ ಸೊಪ್ಪು ಒಳಗೆ ಹೋಗಿರುತ್ತದೆ.

ಬೆಳೆಯ ವಯಸ್ಸೂ ಮುಖ್ಯ. ಹೂ ಬಿಡುವ ಮುಂಚಿನ ಎಳೆಯ ಸೊಪ್ಪಿನಲ್ಲಿ ಅಪಾಯ ಹೆಚ್ಚು. ಹೂ ಬರತೊಡಗಿ ಕಾಂಡ ಬಲಿತರೆ ನಾರು ಹೆಚ್ಚಿ ಅಪಾಯ ತಗ್ಗುತ್ತದೆ. ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇರುವ ದ್ವಿದಳ ಮೇವುಗಳಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಒಗರು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುದುರೆ ಮಸಾಲೆಯ ಎಲೆಯಲ್ಲಿ ಆ ಒಗರು ಇಲ್ಲವೇ ಇಲ್ಲ ಎನ್ನಬಹುದು.

ಇದು ನೊರೆ ಉಬ್ಬರವೇ? ಒಂದು ನಿಮಿಷದ ಪರೀಕ್ಷೆ

ಹಸುವಿನ ಹಿಂದೆ ನಿಂತು ನೋಡಿ. ಕೊನೆಯ ಪಕ್ಕೆಲುಬು, ಸೊಂಟದ ಮೂಳೆ, ಬೆನ್ನಿನ ಅಂಚು, ಇವುಗಳ ನಡುವೆ ಎಡಗಡೆ ಒಂದು ಮೂರುಮೂಲೆ ಗುಂಡಿ ಇದೆ. ಹಸಿದಾಗ ಅದು ಒಳಗಿಳಿದಿರುತ್ತದೆ, ಹೊಟ್ಟೆ ತುಂಬಿದಾಗ ಸಮ ಇರುತ್ತದೆ. ಉಬ್ಬರದಲ್ಲಿ ಅದು ಹೊರಗೆ ಬುಗ್ಗೆಯಂತೆ ಬರುತ್ತದೆ. ಜೋರಾದರೆ ಬೆನ್ನುಮೂಳೆಗಿಂತ ಮೇಲೇರುತ್ತದೆ, ಬಲಗಡೆಯೂ ಉಬ್ಬುತ್ತದೆ. ಆಗ ಹಸು ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಮಲಗಿ ಏಳುತ್ತದೆ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಸಗಣಿ ಹಾಕುತ್ತದೆ, ಗಂಜಲ ಬಿಡುತ್ತದೆ. ಬಾಯಿ ತೆರೆದು ಉಸಿರಾಡುವುದು, ಕತ್ತು ಚಾಚುವುದು, ನಾಲಿಗೆ ಹೊರಬರುವುದು, ಉಸಿರು ನಿಮಿಷಕ್ಕೆ 60ರ ಹತ್ತಿರ ಹೋಗುವುದು ಇವೆಲ್ಲ ಕೈಮೀರುತ್ತಿರುವ ಸೂಚನೆ.

ಉಬ್ಬರದಲ್ಲಿ ಎರಡು ಬಗೆ. ಒಂದು ಈ ನೊರೆಯದು. ಇನ್ನೊಂದು ಬರೀ ಗಾಳಿಯದು: ಮಾವಿನ ಓಟೆಯೋ ಗೆಡ್ಡೆಯ ತುಂಡೋ ಅನ್ನನಾಳದಲ್ಲಿ ಸಿಕ್ಕಿದಾಗ ತೇಗಲು ದಾರಿಯೇ ಇಲ್ಲದೆ ಗಾಳಿ ತುಂಬುತ್ತದೆ. ಎರಡನ್ನೂ ಬೇರ್ಪಡಿಸುವುದು ಮುಖ್ಯ, ಏಕೆಂದರೆ ಎರಡನೆಯದರಲ್ಲಿ ಬಾಯಿಂದ ಏನನ್ನಾದರೂ ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಹಸಿ ದ್ವಿದಳ ಮೇವು ಮೇದದ್ದು ಗೊತ್ತಿದ್ದು, ಜೊತೆಗೆ ಮೇದ ಇತರ ದನಗಳಿಗೂ ಸ್ವಲ್ಪವಾದರೂ ಉಬ್ಬಿದ್ದರೆ ಅದು ನೊರೆಯೇ. ಒಂದೇ ಹಸು, ಬಾಯಿಂದ ಧಾರಾಕಾರ ಜೊಲ್ಲು, ಕೆಮ್ಮು, ಕತ್ತಿನ ಎಡಗಡೆ ಗಂಟು ಕೈಗೆ ಸಿಕ್ಕರೆ ಅದು ಸಿಕ್ಕಿಹಾಕಿಕೊಂಡದ್ದು: ಏನನ್ನೂ ಕುಡಿಸಬೇಡಿ, ವೈದ್ಯರಿಗೆ ಅದನ್ನೇ ಹೇಳಿ.

ಮೊದಲ ಅರ್ಧ ಗಂಟೆ, ಕ್ರಮವಾಗಿ

1. ಮೊದಲು ಎಲ್ಲ ದನಗಳನ್ನೂ ಹೊಲದಿಂದ ಹೊರಗೆ ಹೊಡೆಯಿರಿ. ಉಬ್ಬಿದ ಒಂದರ ಹಿಂದೆ ಎಲ್ಲರೂ ಓಡಿ, ಉಳಿದ ಎರಡು ಮೇಯುತ್ತಲೇ ಇರುವುದು ಸಾಮಾನ್ಯ ತಪ್ಪು.

2. ಒಬ್ಬರು ಫೋನ್ ಮಾಡಲಿ. ಊರಿನ ಪಶುವೈದ್ಯರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ‘ಹಸುವಿಗೆ ಹುಷಾರಿಲ್ಲ’ ಎಂದರೆ ಸಾಲದು. ಏನು ಮೇದಿದೆ, ಎಷ್ಟು ಹೊತ್ತಾಯಿತು, ನಿಂತಿದೆಯೋ ಬಿದ್ದಿದೆಯೋ ಹೇಳಿ. ‘ಹಸಿ ಕುದುರೆ ಮಸಾಲೆ ಮೇದಿದೆ, ಎಡಗಡೆ ಬೆನ್ನಿಗಿಂತ ಮೇಲೆ ಉಬ್ಬಿದೆ’ ಎಂದರೆ ಅವರು ದಪ್ಪ ಕೊಳವೆ ತಂದೇ ಹೊರಡುತ್ತಾರೆ.

3. ಹಸುವನ್ನು ಮುಂಗಾಲು ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಬದುವಿನ ಏರು ಸಾಕು, ಇಲ್ಲದಿದ್ದರೆ ಕೊಟ್ಟಿಗೆಯ ಮುಂದಿನ ಮಣ್ಣಿನ ದಿಬ್ಬ. ಹೊಟ್ಟೆಯ ಭಾರ ಶ್ವಾಸಕೋಶದ ಮೇಲಿಂದ ಹಿಂದಕ್ಕೆ ಸರಿಯುತ್ತದೆ, ಅನ್ನನಾಳದ ಬಾಯಿಯೂ ಮೇಲಾಗುತ್ತದೆ. ಮಲಗಿದ್ದರೆ ಎದೆಯ ಮೇಲೆ ನೇರವಾಗಿ ಕೂರಿಸಿ, ಬದಿಗೆ ಉರುಳದಂತೆ ಹುಲ್ಲಿನ ಕಟ್ಟು ಒತ್ತಿಡಿ.

4. ಎಣ್ಣೆ ಕುಡಿಸಿ. ನೊರೆ ಒಡೆಯುವುದು ಎಣ್ಣೆಯೇ. ಗುಳ್ಳೆಯ ಗೋಡೆ ತೆಳುವಾಗಿ ಒಡೆದು, ಸಣ್ಣ ಗುಳ್ಳೆಗಳು ಸೇರಿ ದೊಡ್ಡವಾಗುತ್ತವೆ, ದೊಡ್ಡವು ಒಡೆದು ಗಾಳಿ ಬಿಡುಗಡೆಯಾಗುತ್ತದೆ. ಆಮೇಲೆ ಹಸು ತಾನೇ ತೇಗುತ್ತದೆ. ಅಡುಗೆಮನೆಯ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಸೋಯಾ ಎಣ್ಣೆ ಯಾವುದಾದರೂ ಆದೀತು. ದೊಡ್ಡ ಹಸು ಎಮ್ಮೆಗೆ 250ರಿಂದ 500 ಮಿ.ಲೀ., ಆಡು ಕುರಿಗೆ 50ರಿಂದ 100 ಮಿ.ಲೀ. ಔಷಧಿ ಅಂಗಡಿಯಲ್ಲಿ ಸಿಗುವ ಸಿಮೆಥಿಕೋನ್ ದ್ರಾವಣ ಮನೆಯಲ್ಲಿದ್ದರೆ ಎಣ್ಣೆಯ ಬದಲು ಅದನ್ನೂ ಕೊಡಬಹುದು, ಬಾಟಲಿಯ ಮೇಲಿನ ಅಳತೆಯಂತೆ. ಅದನ್ನು ತರಲೆಂದು ಪೇಟೆಗೆ ಓಡಬೇಡಿ. ಕೈಗೆ ಸಿಕ್ಕ ಎಣ್ಣೆ ಮೊದಲು.

5. ಎಣ್ಣೆ ಒಳಗೆ ಹೋದ ಮೇಲೆ ಬಾಯಿಗೆ ಅಡ್ಡ ಕಡ್ಡಿ ಕಟ್ಟಿ. ಹೆಬ್ಬೆರಳಿಗಿಂತ ದಪ್ಪದ, ಸಿಬಿರಿಲ್ಲದ ಬೇವಿನ ಕೋಲು, ಒಂದಡಿಗಿಂತ ಸ್ವಲ್ಪ ಉದ್ದ. ಕುದುರೆಯ ಕಡಿವಾಣದಂತೆ ಬಾಯಲ್ಲಿ ಅಡ್ಡವಿಟ್ಟು ಎರಡೂ ತುದಿಗೆ ಹಗ್ಗ ಕಟ್ಟಿ ಕೊಂಬಿನ ಹಿಂದೆ ಬಿಗಿಯಿರಿ. ಹಸು ಅದನ್ನು ಅಗಿಯುತ್ತ ಜೊಲ್ಲು ಸುರಿಸುತ್ತದೆ, ನುಂಗುತ್ತದೆ, ಬಾಯಿ ತೆರೆದೇ ಇರುವುದರಿಂದ ತೇಗೂ ಬರುತ್ತದೆ. ಕಡ್ಡಿಯನ್ನು ಮೊದಲೇ ಕಟ್ಟಿ ಅದರ ಮೇಲೆ ಎಣ್ಣೆ ಹೊಯ್ಯಬೇಡಿ. ಕಡ್ಡಿ ಕಚ್ಚಿಕೊಂಡು ಹಸು ಸರಿಯಾಗಿ ನುಂಗಲಾರದು.

6. ಎಡಗಡೆ ಗುಂಡಿಯನ್ನು ಮುಷ್ಟಿಯಿಂದ ನಿಧಾನವಾಗಿ ಒತ್ತಿ ಒತ್ತಿ ಉಜ್ಜಿ. ನಡೆಯುವ ಶಕ್ತಿಯಿದ್ದರೆ ಹತ್ತು ಹೆಜ್ಜೆ ನಡೆಸಿ. ಎಣ್ಣೆ ಒಂದೇ ಕಡೆ ನಿಲ್ಲದೆ ನೊರೆಯಲ್ಲೆಲ್ಲ ಹರಡಬೇಕು. ಏದುಸಿರು ಬಿಡುತ್ತಿರುವ ಹಸುವನ್ನು ಓಡಿಸಬೇಡಿ.

ಕುಡಿಸುವ ಕೈ

ಹೊಟ್ಟೆಯುಬ್ಬರದಿಂದ ಬದುಕಿದ ಹಸು ಕುಡಿಸಿದ ತಪ್ಪಿನಿಂದ ನಾಲ್ಕನೇ ದಿನ ನ್ಯುಮೋನಿಯಾ ಬಂದು ಸಾಯುವುದುಂಟು. ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಎಣ್ಣೆಯನ್ನು ಸಮ ಪ್ರಮಾಣದ ಉಗುರುಬೆಚ್ಚಗಿನ ನೀರಿನೊಂದಿಗೆ ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿ. ಬಿದಿರಿನ ಗೊಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉದ್ದ ಕತ್ತಿನ ಪ್ಲಾಸ್ಟಿಕ್ ಬಾಟಲಿ. ಗಾಜಿನದು ಬೇಡ, ದವಡೆಯಲ್ಲಿ ಸಿಕ್ಕಿ ಒಡೆಯುತ್ತದೆ. ಒಬ್ಬರು ತಲೆ ಹಿಡಿಯಲಿ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇಳಬಾರದು. ತಲೆ ಆಕಾಶಕ್ಕೆ ಎತ್ತಿದರೆ ಶ್ವಾಸನಾಳದ ದಾರಿ ತೆರೆಯುತ್ತದೆ. ಗೊಟ್ಟದ ತುದಿಯನ್ನು ಬಾಯಿಯ ಮೂಲೆಯಿಂದ, ಹಲ್ಲಿಲ್ಲದ ಜಾಗದಲ್ಲಿ ಒಳಗಿಟ್ಟು ಒಂದು ಗುಟುಕಿನಷ್ಟು ಬಿಡಿ, ಗಂಟಲು ಆಡುವುದನ್ನು ನೋಡಿ, ಮತ್ತೊಂದು ಗುಟುಕು. ನಾಲಿಗೆ ಎಳೆದು ಹಿಡಿಯಬೇಡಿ, ನಾಲಿಗೆ ಇಲ್ಲದೆ ಯಾವ ಪ್ರಾಣಿಯೂ ನುಂಗಲಾರದು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ, ಕೆಮ್ಮು ನಿಂತ ಮೇಲೆ ಮುಂದುವರಿಸಿ. ನಾಲಿಗೆ ಹೊರಬಿಟ್ಟು ಬಾಯಲ್ಲಿ ಉಸಿರಾಡುತ್ತಿರುವ, ಅಥವಾ ಬದಿಗೆ ಉರುಳಿದ ಹಸುವಿಗೆ ಬಾಯಿಂದ ಕುಡಿಸುವ ಕೆಲಸವೇ ಬೇಡ. ಅದಕ್ಕೆ ಕೊಳವೆ ಬೇಕು.

ಸೀಮೆಎಣ್ಣೆ ಕುಡಿಸುವ ರೂಢಿ ಕೆಲವು ಕಡೆ ಇನ್ನೂ ಇದೆ, ಬಿಡಿ. ಅದು ಶ್ವಾಸಕೋಶಕ್ಕೆ ಹೋದರೆ ಹಸು ಉಳಿಯುವುದು ಕಷ್ಟ. ಟರ್ಪೆಂಟೈನ್ ಎಣ್ಣೆಯನ್ನು ವೈದ್ಯರು ಅಳತೆಯಲ್ಲಿ ಅಡುಗೆ ಎಣ್ಣೆಗೆ ಬೆರೆಸಿ ಕೊಡುವುದುಂಟು, ಬರಿದಾಗಿ ಕೊಟ್ಟರೆ ಬಾಯಿ ಗಂಟಲು ಸುಡುತ್ತದೆ, ಹಾಲಿಗೂ ವಾಸನೆ ಬರುತ್ತದೆ. ಅಡುಗೆ ಸೋಡಾ ಕುಡಿಸುವವರೂ ಇದ್ದಾರೆ. ಸೋಡಾ ಹೊಟ್ಟೆಯ ಹುಳಿಗೆ ಸೇರಿದರೆ ಇನ್ನಷ್ಟು ಗಾಳಿ ಹುಟ್ಟುತ್ತದೆ, ನೊರೆ ಒಡೆಯುವುದಿಲ್ಲ. ಈ ಕಾಯಿಲೆಗೆ ಅದು ಮೊದಲ ಮದ್ದಲ್ಲ. ಹಿಂಗು, ಓಮ, ಶುಂಠಿ ಕೊಟ್ಟರೆ ಬೇಡವೆನ್ನುವುದಿಲ್ಲ, ಆದರೆ ಅವನ್ನು ಕುಟ್ಟುತ್ತ ಕೂತು ಎಣ್ಣೆ ತಡವಾಗಬಾರದು.

ಇಳಿಯಿತೋ ಇಲ್ಲವೋ

ಮೇಲಿನ ಹಸುವಿನ ಲೆಕ್ಕಕ್ಕೆ ಬರೋಣ. ಎಂಟೂಕಾಲಿಗೆ ಕಂಡಿತು, ಎಂಟೂ ಇಪ್ಪತ್ತಕ್ಕೆ ಏರಿನಲ್ಲಿ ನಿಲ್ಲಿಸಿ ಫೋನ್ ಆಯಿತು. ಸುಮಾರು ನಾನೂರು ಕೆ.ಜಿ. ತೂಗುವ ಮಿಶ್ರತಳಿ ಹಸು. ಎಂಟೂವರೆಗೆ 400 ಮಿ.ಲೀ. ಕಡಲೆಕಾಯಿ ಎಣ್ಣೆ ಹೋಯಿತು, ಕಡ್ಡಿ ಕಟ್ಟಿದ್ದಾಯಿತು. ಇನ್ನು ಕಾಯಬೇಕಾದದ್ದು ತೇಗನ್ನು. ಎಣ್ಣೆ ಹಿಡಿದಿದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಹುಳಿ ಸೊಪ್ಪಿನ ವಾಸನೆಯ ಉದ್ದ ತೇಗು ಬರತೊಡಗುತ್ತದೆ. ಬಂದಾಗ ಮುಖದ ಹತ್ತಿರ ನಿಂತಿದ್ದವರಿಗೆ ಅನುಮಾನವೇ ಇರುವುದಿಲ್ಲ. ಎಡಗಡೆ ಗುಂಡಿಯ ಬಿಗಿ ಸಡಿಲಾಗುತ್ತದೆ. ಗುರುತಿಗಾಗಿ ಉಬ್ಬಿನ ತುದಿ ಬೆನ್ನಿಗೆ ಸಮವೋ ಮೇಲೋ ಎಂಬುದನ್ನು ಐದೈದು ನಿಮಿಷಕ್ಕೊಮ್ಮೆ ಒಬ್ಬರೇ, ಒಂದೇ ಕಡೆ ನಿಂತು ನೋಡಿ. ಹತ್ತು ಜನ ನೋಡಿದರೆ ಹತ್ತು ಮಾತು.

ಒಂಬತ್ತಾದರೂ ಇಳಿಯದೆ, ಹಸು ನಿಂತೇ ಇದ್ದು ಉಸಿರು ಹೆಚ್ಚದಿದ್ದರೆ ಇನ್ನೊಂದು ಸಲ ಎಣ್ಣೆ ಕೊಡಬಹುದು, ಈ ಬಾರಿ ಅರ್ಧದಷ್ಟು. ಉಬ್ಬರ ಏರುತ್ತಿದ್ದರೆ ಮುಂದಿನದು ವೈದ್ಯರ ಕೈಯ ಕೆಲಸ. ಅವರು ಬಾಯಿಂದ ದಪ್ಪ ರಬ್ಬರ್ ಕೊಳವೆ ಇಳಿಸುತ್ತಾರೆ. ಬರೀ ಗಾಳಿಯ ಉಬ್ಬರವಾದರೆ ಕೊಳವೆಯಿಂದ ಭುಸ್ಸೆಂದು ಗಾಳಿ ಬಂದು ಹೊಟ್ಟೆ ಕಣ್ಣೆದುರೇ ಇಳಿಯುತ್ತದೆ. ನೊರೆಯಾದರೆ ಹಸಿರು ನೊರೆ ಸ್ವಲ್ಪ ಬಂದು ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ಅದೇ ಕೊಳವೆಯಿಂದ ಎಣ್ಣೆ ನೇರ ಹೊಟ್ಟೆಗೆ ಹೋಗುತ್ತದೆ.

ಟ್ರೋಕಾರ್ ಎನ್ನುವ ಚುಚ್ಚುಕೊಳವೆಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ತೆಳು ಟ್ರೋಕಾರ್ ಒಂದನ್ನು ಮನೆಯಲ್ಲಿಟ್ಟುಕೊಂಡರೆ ಸಾಕು, ಚುಚ್ಚಿದರೆ ಗಾಳಿ ಹೋಗುತ್ತದೆ ಎನ್ನುತ್ತಾರೆ. ನೊರೆ ಉಬ್ಬರದಲ್ಲಿ ಒಂದು ಸೆಂಟಿಮೀಟರ್ ಅಗಲದ ಕೊಳವೆಯಿಂದ ಏನೂ ಹೊರಬರುವುದಿಲ್ಲ, ಎರಡೂವರೆ ಸೆಂಟಿಮೀಟರಿನದಾದರೆ ಬಂದೀತು. ಎಲ್ಲೆಂದರಲ್ಲಿ ಚುಚ್ಚಿದರೆ ಹೊಟ್ಟೆಯ ಒಳಗಿನದು ಸೋರಿ ನಂಜಾಗುತ್ತದೆ. ಹಸು ಬಿದ್ದು ನಾಲಿಗೆ ನೀಲಿಯಾಗಿ, ವೈದ್ಯರು ಇನ್ನೂ ದೂರದಲ್ಲಿದ್ದಾಗ ಮಾತ್ರ, ಅವರು ಫೋನಿನಲ್ಲಿ ಹೇಳಿಕೊಟ್ಟಂತೆ, ಎಡಗಡೆ ಗುಂಡಿಯ ನಟ್ಟನಡುವೆ, ಉಬ್ಬಿನ ತುದಿಯಲ್ಲಿ ಹರಿತವಾದ ಚಾಕುವಿನಿಂದ ಸೀಳುವುದು ಕಟ್ಟಕಡೆಯ ದಾರಿ. ನೊರೆ ಹೊರಬರಲು ಹತ್ತು ಸೆಂಟಿಮೀಟರಾದರೂ ಉದ್ದದ ಸೀಳು ಬೇಕಾಗುತ್ತದೆ, ಅದನ್ನು ಆಮೇಲೆ ವೈದ್ಯರೇ ತೊಳೆದು ಹೊಲಿಯಬೇಕು. ನಿಂತು ಉಸಿರಾಡುತ್ತಿರುವ ಹಸುವಿಗೆ ಯಾರೂ ಇದನ್ನು ಮಾಡಬಾರದು.

ಇನ್ನೊಂದು ಮಾತು. ಸತ್ತ ಯಾವ ದನವಾದರೂ ಕೆಲವು ಗಂಟೆಯಲ್ಲಿ ಉಬ್ಬುತ್ತದೆ. ಹೊಲದಲ್ಲಿ ಸತ್ತು ಬಿದ್ದ ಹಸುವಿನ ಹೊಟ್ಟೆ ನೋಡಿ ಉಬ್ಬರದಿಂದಲೇ ಸತ್ತಿತು ಎಂದು ತೀರ್ಮಾನಿಸಬೇಡಿ. ಎಳೆ ಜೋಳದ ಕುಡಿಯ ವಿಷ, ಹಾವು, ನೆರಡಿ ರೋಗ ಇವೆಲ್ಲ ಹಾಗೆಯೇ ಕಾಣುತ್ತವೆ. ನೆರಡಿಯ ಅನುಮಾನವಿದ್ದರೆ, ಅಂದರೆ ಮೂಗು ಬಾಯಿಯಿಂದ ಕಪ್ಪು ರಕ್ತ ಸೋರುತ್ತಿದ್ದರೆ, ಹೆಣವನ್ನು ಕೊಯ್ಯಲೂ ಬಾರದು.

ಇಳಿದ ಮೇಲೆ

ಹೊಟ್ಟೆ ಇಳಿದ ಹಸು ಹಸಿವಿನಿಂದ ಮತ್ತೆ ಹಸಿರಿನ ಕಡೆಗೇ ನೋಡುತ್ತದೆ. ಆ ದಿನ ಹಸಿರು ಸೊಪ್ಪು ಒಂದು ಹಿಡಿಯೂ ಬೇಡ, ಹಿಂಡಿ ಬೂಸವೂ ಬೇಡ. ಒಣ ರಾಗಿ ಹುಲ್ಲು, ಕುಡಿಯಲು ನೀರು ಸಾಕು. ಮೊದಲ ಕೆಲವು ಗಂಟೆ ಕಣ್ಣಳತೆಯಲ್ಲೇ ಕಟ್ಟಿ, ಉಳಿದ ನೊರೆಯಿಂದ ಮತ್ತೆ ಉಬ್ಬುವುದುಂಟು. ಮೆಲುಕು ಶುರುವಾದರೆ ಹೊಟ್ಟೆ ಕೆಲಸಕ್ಕೆ ಬಂದಿದೆ ಎಂದರ್ಥ. ಮಾರನೆಯ ದಿನದಿಂದ ಮೂರು ನಾಲ್ಕು ದಿನ ಉಸಿರು, ಕೆಮ್ಮು, ಜ್ವರ ಗಮನಿಸಿ. ಎಣ್ಣೆ ದಾರಿ ತಪ್ಪಿದ್ದರೆ ಗೊತ್ತಾಗುವುದು ಆಗಲೇ.

ಅದೇ ಪಾತಿಯಿಂದ ನಾಳೆ ಹೇಗೆ ಮೇಯಿಸುವುದು

ಕುದುರೆ ಮಸಾಲೆ ಬಿಡಬೇಕಿಲ್ಲ. ಬದಲಾಯಿಸಬೇಕಾದದ್ದು ಹೊತ್ತು ಮತ್ತು ಸರದಿ. ಬೆಳಿಗ್ಗೆ ಮೊದಲು ಗೋದಲಿಗೆ ರಾಗಿ ಹುಲ್ಲೋ ಭತ್ತದ ಹುಲ್ಲೋ ಬೀಳಲಿ. ಹಸು ಎರಡು ಮೂರು ಕೆ.ಜಿ. ಒಣ ಹುಲ್ಲು ಅಗಿದು ಜೊಲ್ಲು ನುಂಗಿದ ಮೇಲೆ ಹಸಿರು. ಮೇಯಲು ಬಿಡುವುದಾದರೆ ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದು ಗಂಟೆಗೆ. ಮಳೆ ಬಿದ್ದ ದಿನ ಮೇಯಲು ಬಿಡದೆ ಕೊಯ್ದು ಹಾಕಿ. ಕೊಯ್ದ ಸೊಪ್ಪನ್ನು ನೆರಳಲ್ಲಿ ತೆಳುವಾಗಿ ಹರಡಿ ನಾಲ್ಕೈದು ಗಂಟೆ ಬಾಡಿಸಿ. ರಾಶಿ ಹಾಕಿದರೆ ಬಾಡುವುದಿಲ್ಲ, ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಒಂದು ಸುಲಭ ಗುರುತು: ಕಾಂಡ ಬಗ್ಗಿಸಿದರೆ ಟಪ್ಪೆಂದು ಮುರಿಯದೆ ಬಳುಕಬೇಕು. ಬಾಡಿದ ಸೊಪ್ಪನ್ನು ಜೋಳ ಅಥವಾ ನೇಪಿಯರ್ ಜೊತೆ ಕತ್ತರಿಸಿ ಬೆರೆಸಿ, ಒಟ್ಟು ಹಸಿರಿನಲ್ಲಿ ಅದು ಮೂರನೇ ಒಂದು ಪಾಲು ಮೀರದಿರಲಿ. ಬೇರೆ ಬೇರೆ ಹಾಕಿದರೆ ಹಸು ಸೊಪ್ಪನ್ನೇ ಮೊದಲು ಆರಿಸಿ ತಿನ್ನುತ್ತದೆ. ಹೊಸದಾಗಿ ಶುರು ಮಾಡುವಾಗ ಒಂದೆರಡು ಕೆ.ಜಿ.ಯಿಂದ ಆರಂಭಿಸಿ ಹತ್ತು ದಿನದಲ್ಲಿ ಪೂರ್ತಿಗೆ ಬನ್ನಿ. ಕೊಯ್ಲನ್ನು ಹೂ ಕಾಣಿಸತೊಡಗುವವರೆಗೆ ತಡೆದರೆ ಪ್ರೋಟೀನ್ ಸ್ವಲ್ಪ ಕಡಿಮೆಯಾದೀತು, ಉಬ್ಬರವೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇದು ಲಾಭದ ವ್ಯಾಪಾರವೇ.

ಇಷ್ಟೆಲ್ಲ ಮಾಡಿಯೂ, ಒಣ ಹುಲ್ಲು ತಿಂದ ದಿನವೂ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಉಬ್ಬುವ ಹಸು ಒಂದಿದ್ದರೆ ಅದಕ್ಕೆ ಎಣ್ಣೆ ಹೊಯ್ಯುತ್ತಲೇ ಹೋಗಬೇಡಿ. ತಂತಿ ಮೊಳೆ ನುಂಗಿರಬಹುದು, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲ ಸೇರಿರಬಹುದು. ಅದನ್ನು ವೈದ್ಯರಿಗೆ ತೋರಿಸಿ.